160 ಪುಟದ ಕಥಾಸಂಕಲನ: ಎಷ್ಟು ಪ್ರತಿ ಮಾರಿದರೆ ಅಸಲು ಹುಟ್ಟುತ್ತದೆ?

ಹೊಸ ಪ್ರಕಾಶಕ
ನಾವು ಮೂವರು ಗೆಳೆಯರು ಸೇರಿ ಒಂದು ಸಣ್ಣ ಪ್ರಕಾಶನ ಶುರು ಮಾಡುತ್ತಿದ್ದೇವೆ. ಊರು ಶಿವಮೊಗ್ಗ. ಮೊದಲ ಪುಸ್ತಕ ಹೊಸ ಲೇಖಕಿಯೊಬ್ಬರ ಕಥಾಸಂಕಲನ. ಡೆಮಿ 1/8, ಸುಮಾರು 160 ಪುಟ, 70 ಜಿಎಸ್‌ಎಂ ಮ್ಯಾಪ್‌ಲಿಥೋ, ಮುಖಪುಟ 300 ಜಿಎಸ್‌ಎಂ, ಮ್ಯಾಟ್ ಲ್ಯಾಮಿನೇಷನ್. ಬೆಂಗಳೂರಿನ ಒಂದು ಪ್ರೆಸ್ಸಿನಿಂದ ಕೊಟೇಶನ್ ಬಂದಿದೆ. 1000 ಪ್ರತಿಗೆ 49,000, ಅಂದರೆ ಪ್ರತಿಗೆ 49 ರೂಪಾಯಿ. 500 ಪ್ರತಿಗೆ 32,000, ಪ್ರತಿಗೆ 64.

ಅಚ್ಚಿಗೆ ಮುಂಚಿನ ಖರ್ಚು: ಸಂಪಾದನೆ 12,000, ಎರಡು ಸುತ್ತು ಪ್ರೂಫ್ 4,800, ಪುಟವಿನ್ಯಾಸ ಪುಟಕ್ಕೆ 40ರಂತೆ 6,400, ಮುಖಪುಟ ವಿನ್ಯಾಸ 5,000. ಒಟ್ಟು 28,200.

ಬೆಲೆ 180 ಇಡೋಣ ಅಂದುಕೊಂಡಿದ್ದೇವೆ. ಅಂಗಡಿಗೆ 40% ಕಮಿಷನ್ ಹೋದರೆ 108 ಉಳಿಯುತ್ತದೆ, ಲೇಖಕಿಗೆ ಮುಖಬೆಲೆಯ 10% ಅಂದರೆ 18 ರೂಪಾಯಿ ರಾಯಲ್ಟಿ, ಉಳಿದಿದ್ದು 90. ಅದರಲ್ಲಿ ಅಚ್ಚಿನ 49 ಕಳೆದರೆ ಪ್ರತಿಗೆ 41 ರೂಪಾಯಿ ಲಾಭ. 28,200ನ್ನು 41ರಿಂದ ಭಾಗಿಸಿದರೆ 688. ಅಂದರೆ 688 ಪ್ರತಿ ಮಾರಿದರೆ ಹಾಕಿದ ದುಡ್ಡು ವಾಪಸ್. ಲೆಕ್ಕ ಸರಿ ಇದೆಯಾ?

ಬಾಗಲಕೋಟಿ ಮಂದಿ
ಲೆಕ್ಕ ಸರಿ ಐತಿ. 1000 ಹಾಕಿಸಿಬಿಡ್ರಿ. ಪ್ರತಿಗೆ 15 ರೂಪಾಯಿ ಉಳೀತದ ಅಂದ್ರ ಸಣ್ಣ ಮಾತಲ್ಲ. 500 ಹಾಕಿಸೋದು ದಡ್ಡತನ.

ಅಚ್ಚಿನ ಮನೆ
ಸರಿ ಇಲ್ಲ. ಹೊಸಬರು ಎಲ್ಲರೂ ಎಡವೋ ಜಾಗ ಇದೇ.

ನೀವು ಮಾರಿದ 688 ಪ್ರತಿಯ ಅಚ್ಚಿನ ಖರ್ಚನ್ನು ಮಾತ್ರ ಕಳೆದಿದ್ದೀರಿ. ಉಳಿದ 312 ಪ್ರತಿ ಪ್ರೆಸ್ಸಿನವರು ಪುಕ್ಕಟೆ ಕೊಟ್ಟರಾ? ಪುಸ್ತಕ ಮಾರಾಟವಾಗಲಿ ಬಿಡಲಿ, ಬಂಡಲ್ ಎತ್ತಿಕೊಂಡು ಬರುವ ದಿನವೇ 49,000 ಕೊಟ್ಟಿರುತ್ತೀರಿ. ಹಾಗಾಗಿ ಅಚ್ಚಿನ ಖರ್ಚನ್ನು ಪ್ರತಿ ಲೆಕ್ಕದಲ್ಲಿ ಕಳೆಯಬೇಡಿ. ಹಾಕಿದ ಒಟ್ಟು ದುಡ್ಡು ಒಂದು ಕಡೆ ಇಡಿ. ಒಂದು ಪ್ರತಿ ಮಾರಿದಾಗ ನಿಜವಾಗಿ ಕೈಗೆ ಬರುವ ದುಡ್ಡು ಇನ್ನೊಂದು ಕಡೆ ಇಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಒಟ್ಟು ದುಡ್ಡು 28,200 + 49,000 = 77,200. ಕೈಗೆ ಬರುವುದು 90, ಅದರಲ್ಲಿ ಪ್ಯಾಕಿಂಗ್, ಲಾರಿ ಪಾರ್ಸೆಲ್ ಅಂತ ಪ್ರತಿಗೆ 5 ರೂಪಾಯಿ ಹೋಗಲಿ, 85. ಭಾಗಿಸಿದರೆ 909 ಪ್ರತಿ. ಲೇಖಕಿಯ ಪ್ರತಿ, ವಿಮರ್ಶೆಗೆ ಪತ್ರಿಕೆಗಳಿಗೆ ಕಳಿಸೋದು, ಗೌರವ ಪ್ರತಿ ಅಂತ ಕನಿಷ್ಠ 40 ಹೋಗುತ್ತವೆ. ಮಾರೋಕೆ ಉಳಿಯುವುದು 960. ಅದರಲ್ಲಿ 909 ಮಾರಬೇಕು. ಹೊಸ ಲೇಖಕಿಯ ಕಥಾಸಂಕಲನ!

ಹೊಸ ಪ್ರಕಾಶಕ
ಅಯ್ಯೋ. ಹಾಗಾದರೆ 500 ಹಾಕಿಸಿದರೆ?

ಅಚ್ಚಿನ ಮನೆ
28,200 + 32,000 = 60,200. 85ರಿಂದ ಭಾಗಿಸಿದರೆ 709. ಕೈಯಲ್ಲಿ ಇರುವುದೇ 500. ಅಂದರೆ 180 ಬೆಲೆಗೆ ಎಲ್ಲಾ ಪ್ರತಿ ಅಂಗಡಿಗಳ ಮೂಲಕ ಖಾಲಿಯಾದರೂ ನಷ್ಟವೇ. ಮೊದಲ ಮುದ್ರಣ ಪೂರ್ತಿ ಮುಗಿದ ಮೇಲೂ ಪ್ರಕಾಶಕರು ಯಾಕೆ ಗೊಣಗುತ್ತಾರೆ ಅಂತ ಈಗ ಗೊತ್ತಾಯ್ತಲ್ಲ.

ಶಿರಸಿ ಹುಡುಗಿ
ನಾನು ನನ್ನ ಕವನ ಸಂಕಲನಕ್ಕೆ ಪ್ರಕಾಶಕರೊಬ್ಬರಿಗೆ 45,000 ಕೊಟ್ಟೆ, 200 ಪ್ರತಿ ಕೊಟ್ಟರು, ರಾಯಲ್ಟಿ ಏನೂ ಇಲ್ಲ. ಇದು ಸರಿನಾ? ಇನ್ನೂ 300 ಪ್ರತಿ ಅವರ ಹತ್ತಿರ ಇದೆ ಅಂತಾರೆ, ಇದೆಯೋ ಇಲ್ಲವೋ ದೇವರಿಗೇ ಗೊತ್ತು.

ಅಚ್ಚಿನ ಮನೆ
ಮೇಡಂ, ಅದು ಬೇರೆ ವ್ಯವಹಾರ. ಅಲ್ಲಿ ದುಡ್ಡು ಹಾಕಿದವರು ನೀವು, ಅಪಾಯ ನಿಮ್ಮದು, ಹಾಗಾಗಿ ರಾಯಲ್ಟಿ ಅನ್ನುವ ಮಾತೇ ಬರಲ್ಲ. ಬರಬೇಕಾದ್ದು ಮಾರಾಟದ ದುಡ್ಡು, ಅವರ ಕಮಿಷನ್ ಕಳೆದು. ಬರವಣಿಗೆಯಲ್ಲಿ ಒಪ್ಪಂದ ಇದೆಯಾ? ಇದ್ದರೆ ಅದರಲ್ಲಿ ಏನಿದೆ ನೋಡಿ. ಇಲ್ಲದಿದ್ದರೆ ಆ 300 ಪ್ರತಿ ಬರವಣಿಗೆಯಲ್ಲೇ ಕೇಳಿ. ಪ್ರೆಸ್ಸಿನ ಬಿಲ್ಲಿನಲ್ಲಿ ಎಷ್ಟು ಪ್ರತಿ ಅಂತ ಇರುತ್ತೆ, ಅದರ ನಕಲು ತೋರಿಸಿ ಅನ್ನಿ. 500 ಅಂತ ಹೇಳಿ 250 ಹಾಕಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಬಾಗಲಕೋಟಿ ಮಂದಿ
ಮೂಲ ಪ್ರಶ್ನಿಗೆ ಬರ್ರಿ. ನಾ ಹೇಳೋದು ಇಷ್ಟ, 500ಕ್ಕ 709 ಮಾರಬೇಕು ಅಂದ್ರ ಆಗದ ಮಾತು. 1000ಕ್ಕ 909, ಕಷ್ಟ ಆದ್ರೂ ಆಗಬಹುದು. ಅಂದ್ರ 1000 ಲಗೂನ ಹಾಕಿಸ್ರಿ ಅಂತ ನಾ ಹೇಳಿದ್ದು ಸರೀನೇ ಆತಲ್ಲ?

ಅಚ್ಚಿನ ಮನೆ
ಅರ್ಧ ಸರಿ. 500ರಿಂದ 1000ಕ್ಕೆ ಹೋಗೋಕೆ ಹೆಚ್ಚಿಗೆ ಬೀಳೋದು 17,000 ಅಷ್ಟೇ. ಯಾಕೆ ಅಂದರೆ ಪ್ಲೇಟು, ಮಷಿನ್ ಹೊಂದಿಸೋದು, ಶುರುವಿನಲ್ಲಿ ಹಾಳಾಗೋ ಕಾಗದ, ಇವೆಲ್ಲ 500ಕ್ಕೂ ಅಷ್ಟೇ 1000ಕ್ಕೂ ಅಷ್ಟೇ. ಮುಂದೆ ಏರೋದು ಕಾಗದ ಮತ್ತು ಬೈಂಡಿಂಗ್. ಆದರೆ ಆ ಎರಡನೇ 500ರ ಮೊದಲ ಪ್ರತಿ ಮಾರಾಟ ಆಗಬೇಕಾದರೆ ಮೊದಲ 460 ಖಾಲಿ ಆಗಿರಬೇಕು ತಾನೆ? ಅದು ಆಗುತ್ತೆ ಅಂತ ಯಾರು ಹೇಳಿದ್ದು? ಆಗದಿದ್ದರೆ ಆ 17,000 ರದ್ದಿಗೆ. ಜೊತೆಗೆ ಬಂಡಲ್ ಇಡೋಕೆ ಜಾಗ, ಗೆದ್ದಲು, ಮಳೆಗಾಲದಲ್ಲಿ ಶಿವಮೊಗ್ಗದ ತೇವ.

ಸಮಸ್ಯೆ ಇರೋದು ಪ್ರತಿಗಳ ಸಂಖ್ಯೆಯಲ್ಲಿ ಅಲ್ಲ. ಬೆಲೆಯಲ್ಲಿ, ಮತ್ತು ಎಲ್ಲವನ್ನೂ ಅಂಗಡಿ ಮೂಲಕ ಮಾರ್ತೀವಿ ಅನ್ನೋದರಲ್ಲಿ.

ಓದುಗ ಮಹಾಶಯ
ಬೆಲೆ ಏರಿಸಿ ಅಂತ ಹೇಳಬೇಡಿ ಮಾರಾಯ್ರೆ. ಪುಟಕ್ಕೆ ಒಂದು ರೂಪಾಯಿ ಅನ್ನೋದು ನಮಗೆ ಗೊತ್ತಿರುವ ಲೆಕ್ಕ. 160 ಪುಟಕ್ಕೆ 180 ಅಂದರೇ ಜಾಸ್ತಿ.

ಅಚ್ಚಿನ ಮನೆ
ಪುಟಕ್ಕೆ ಒಂದು ರೂಪಾಯಿ ಅನ್ನೋದು ಕಾಗದ ಅಗ್ಗ ಇದ್ದ ಕಾಲದ ಮಾತು ಸ್ವಾಮಿ. ನೀವು ಹೋಟೆಲಿನಲ್ಲಿ ಮಸಾಲೆ ದೋಸೆಗೆ ಎಷ್ಟು ಕೊಡ್ತೀರಿ ಅಂತ ಕೇಳಲ್ಲ, ಜಗಳ ಆಗುತ್ತೆ.

500 ಪ್ರತಿ ಹಾಕಿಸಿ ಬೆಲೆ 220 ಇಟ್ಟು ನೋಡೋಣ. ಅಂಗಡಿಯಿಂದ ಬರೋದು 132, ರಾಯಲ್ಟಿ 22, ಸಾಗಾಟ 5, ಉಳಿದದ್ದು 105. ನೇರವಾಗಿ ಓದುಗರಿಗೆ 10% ರಿಯಾಯಿತಿಯಲ್ಲಿ ಮಾರಿದರೆ 198, ಅದರಲ್ಲಿ ರಾಯಲ್ಟಿ 22, ಪ್ಯಾಕಿಂಗ್ 5 ಕಳೆದು 171. ಅಂಚೆ ಖರ್ಚು ಓದುಗರದ್ದು. 200 ಪ್ರತಿ ನೇರ ಮಾರಿದರೆ 34,200 ಬಂತು. 60,200ರಲ್ಲಿ ಉಳಿದ 26,000ಕ್ಕೆ ಅಂಗಡಿಗಳಲ್ಲಿ 248 ಪ್ರತಿ ಹೋಗಬೇಕು. ಒಟ್ಟು 448. ಮಾರೋಕೆ ಇರೋ 460ರಲ್ಲಿ ಕೂದಲೆಳೆ ಅಂತರದಲ್ಲಿ ಅಸಲು ಹುಟ್ಟಿತು.

250 ಇಟ್ಟರೆ ಇದೇ ಲೆಕ್ಕದಲ್ಲಿ 377 ಪ್ರತಿಗೇ ಮುಗಿಯುತ್ತೆ. 30 ರೂಪಾಯಿ ಏರಿಸಿದ್ದಕ್ಕೆ 71 ಪ್ರತಿ ಕಡಿಮೆ ಸಾಕು. ಆದರೆ ಆ 30 ರೂಪಾಯಿಗೆ ಎಷ್ಟು ಜನ ಪುಸ್ತಕ ವಾಪಸ್ ಶೆಲ್ಫಿಗೆ ಇಡ್ತಾರೆ ಅನ್ನೋದು ಯಾವ ಲೆಕ್ಕದಲ್ಲೂ ಬರಲ್ಲ.

ಓದುಗ ಮಹಾಶಯ
ನಾನು ಇಡ್ತೀನಿ.

ಕರಾವಳಿಯವ
ನವೆಂಬರ್ ತಿಂಗಳಲ್ಲಿ ಎಲ್ಲ ಕಡೆ ರಾಜ್ಯೋತ್ಸವ ರಿಯಾಯಿತಿ ಇರ್ತದೆ, ಆಗ ತಗೊಳ್ಳಿ ಓದುಗರೇ. ಬೆಲೆ ಏರಿಸೋದೇ ಆಮೇಲೆ ರಿಯಾಯಿತಿ ಕೊಡೋಕೆ ಅಂತ ನನ್ನ ಗುಮಾನಿ.

ಹೊಸ ಪ್ರಕಾಶಕ
ಸಂಪಾದನೆಯ 12,000 ಬಿಟ್ಟರೆ ಹೇಗೆ? ಲೇಖಕಿ ಕನ್ನಡ ಎಂ.ಎ., ಭಾಷೆ ಚೆನ್ನಾಗಿಯೇ ಇದೆ. ಗೆಳೆಯರಲ್ಲೊಬ್ಬರು ಅದನ್ನೇ ಹೇಳ್ತಿದ್ದಾರೆ.

ಕರಡು ತಿದ್ದುವಾಕೆ
ನಾನು ಈ ಕೆಲಸವನ್ನೇ ಮಾಡುವವಳು, ಹಾಗಾಗಿ ನನ್ನ ಮಾತನ್ನು ಪೂರ್ತಿ ನಂಬದೆ ಸ್ವಲ್ಪ ತೂಗಿ ನೋಡಿ. ಭಾಷೆ ಚೆನ್ನಾಗಿದೆ ಅನ್ನೋದಕ್ಕೂ ಸಂಪಾದನೆಗೂ ಸಂಬಂಧ ಕಡಿಮೆ. ಕಥಾಸಂಕಲನದಲ್ಲಿ ನಾನು ಹೆಚ್ಚಾಗಿ ನೋಡೋದು ಏನು ಅಂದರೆ, ಮಾತುಕತೆಯಲ್ಲಿ ಒಂದೇ ಪಾತ್ರ ಒಮ್ಮೆ "ಬರ್ತೀನಿ" ಅನ್ನುತ್ತೆ, ಮುಂದಿನ ಪುಟದಲ್ಲಿ "ಬರುತ್ತೇನೆ" ಅನ್ನುತ್ತೆ. ಹತ್ತು ವರ್ಷದಲ್ಲಿ ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದ ಕಥೆಗಳಾದರೆ ಒಂದೊಂದು ಪತ್ರಿಕೆಯ ಕಾಗುಣಿತ ಒಂದೊಂದು ಥರ ಇರುತ್ತೆ. ಎರಡು ಕಥೆಗಳಲ್ಲಿ ಒಂದೇ ಉಪಮೆ ಬಂದಿರುತ್ತೆ, ಬಿಡಿಬಿಡಿಯಾಗಿ ಓದಿದಾಗ ಗೊತ್ತೇ ಆಗಲ್ಲ, ಪುಸ್ತಕದಲ್ಲಿ ಕಣ್ಣಿಗೆ ರಾಚುತ್ತೆ. ಪ್ರೂಫ್ ನೋಡುವವರು ಇದನ್ನು ಹಿಡಿಯಲ್ಲ, ಅದು ಅವರ ಕೆಲಸವೂ ಅಲ್ಲ.

ದುಡ್ಡಿನ ಲೆಕ್ಕದಲ್ಲೇ ಹೇಳ್ತೀನಿ ಕೇಳಿ. "ಸುಮಾರು 160 ಪುಟ" ಅಂದಿರಿ. ಪುಟವಿನ್ಯಾಸ ಆದ ಮೇಲೆ ಎಷ್ಟು ಬಂದಿದೆ? ಮುನ್ನುಡಿ, ಲೇಖಕರ ಮಾತು, ಪರಿವಿಡಿ, ಹಕ್ಕುಗಳ ಪುಟ ಸೇರಿಸಿದ್ದೀರಾ?

ಹೊಸ ಪ್ರಕಾಶಕ
ಎಲ್ಲ ಸೇರಿ 170 ಬಂದಿದೆ ಮೇಡಂ. ಮುನ್ನುಡಿಯೇ 9 ಪುಟ, ದೊಡ್ಡವರು ಬರೆದುಕೊಟ್ಟಿದ್ದು, ಕತ್ತರಿ ಹಾಕೋಕೆ ಧೈರ್ಯ ಇಲ್ಲ.

ಕರಡು ತಿದ್ದುವಾಕೆ
ಅದೇ ನೋಡಿ. ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಗೋದು ಫಾರಂ ಲೆಕ್ಕದಲ್ಲಿ, ಒಂದು ಫಾರಂಗೆ 16 ಪುಟ. 160 ಅಂದರೆ ಸರಿಯಾಗಿ 10 ಫಾರಂ. 170 ಅಂದರೆ 11 ಫಾರಂ, ಅಂದರೆ 176 ಪುಟದ ಕಾಗದ, ಕೊನೆಗೆ ಆರು ಪುಟ ಖಾಲಿ. ಕೆಲವು ಪ್ರೆಸ್ಸಿನವರು ಅರ್ಧ ಫಾರಂ ಒಪ್ಪುತ್ತಾರೆ, ಆಗ ಎರಡು ಪುಟ ಕಡಿಮೆ ಮಾಡಿ 168ಕ್ಕೆ ನಿಲ್ಲಿಸಬಹುದು. ನಿಮ್ಮ ಕೊಟೇಶನ್ 160ಕ್ಕೆ ತಗೊಂಡಿದ್ದರೆ ಆ 32,000 ಈಗಾಗಲೇ ಸುಳ್ಳು.

ಅಕ್ಷರದ ಗಾತ್ರ ಕಾಲು ಪಾಯಿಂಟ್ ಇಳಿಸಿ, ಸಾಲಿನ ಅಂತರ ಒಂಚೂರು ಬಿಗಿ ಮಾಡಿ 10 ಪುಟ ಉಳಿಸೋಣ ಅಂತ ಡಿಟಿಪಿಯವರು ಹೇಳಬಹುದು. ಕನ್ನಡದಲ್ಲಿ ಜಾಸ್ತಿ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತೆ. "ಸ್ತ್ರೀ", "ರಾಷ್ಟ್ರ" ಇರುವ ಸಾಲು ಹುಡುಕಿ ನೋಡಿ, ಅಲ್ಲೇ ಗೊತ್ತಾಗುತ್ತೆ. ಅದಕ್ಕಿಂತ ಸಂಪಾದಕರು ಎರಡು ಕಥೆ ಬಿಗಿ ಮಾಡಿ ಒಂದು ದುರ್ಬಲ ಕಥೆ ಬಿಡಿಸಿದರೆ ಪುಸ್ತಕಕ್ಕೂ ಒಳ್ಳೆಯದು, ಫಾರಂಗೂ ಒಳ್ಳೆಯದು.

ಡಿಟಿಪಿ ಅಣ್ಣ
ಒಪ್ಪಿದೆ ಮೇಡಂ. ಆದರೆ ಪುಟಕ್ಕೆ 40 ಅನ್ನೋ ರೇಟು ಫೈಲ್ ಯಾವ ರೂಪದಲ್ಲಿ ಬರುತ್ತೆ ಅನ್ನೋದರ ಮೇಲೆ ನಿಂತಿದೆ. ಲೇಖಕಿ ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರಾ, ಯೂನಿಕೋಡಾ?

ಹೊಸ ಪ್ರಕಾಶಕ
ಅರ್ಧ ಅದು, ಅರ್ಧ ಇದು. ನಾಲ್ಕು ಕಥೆ ಹಳೇ ನುಡಿ, ಉಳಿದವು ಮೊಬೈಲಿನಲ್ಲಿ ಬರೆದದ್ದು.

ಡಿಟಿಪಿ ಅಣ್ಣ
ಹಾಗಾದರೆ ಎಲ್ಲವನ್ನೂ ಮೊದಲು ಯೂನಿಕೋಡಿಗೆ ತಂದು, ಆಮೇಲೆ ಪ್ರೂಫ್ ನೋಡಿಸಿ. ಪ್ರೂಫ್ ಆದ ಮೇಲೆ ಬದಲಾಯಿಸಿದರೆ ಆ 4,800 ನೀರಿಗೆ ಹಾಕಿದ ಹಾಗೆ, ಯಾಕೆಂದರೆ ಹೊಸ ತಪ್ಪು ಬದಲಾಯಿಸುವಾಗಲೇ ಹುಟ್ಟೋದು. ಅರ್ಕಾವತ್ತು ಜಾಗ ತಪ್ಪುತ್ತೆ. ಫೈಲಿನಲ್ಲಿ `ð` ಅಂತ ಹುಡುಕಿ, ಎಲ್ಲಾದರೂ ಸಿಕ್ಕರೆ ಅದು ಬದಲಾಗದೆ ಉಳಿದ ಅರ್ಕಾವತ್ತು. "ಸಾಫ್ಟ್‌ವೇರ್" ಥರದ ಪದಗಳಲ್ಲಿ ವ ಅಕ್ಷರ ಒತ್ತಾಗಿ ಕೆಳಗೆ ಇಳಿದಿದೆಯಾ ನೋಡಿ. InDesign ಬಳಸೋದಾದರೆ World-Ready Paragraph Composer ಆನ್ ಇರಬೇಕು, ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ.

ಯೂನಿಕೋಡಿನಲ್ಲಿ ಇದ್ದರೆ ನಾಳೆ ಇ-ಬುಕ್ ಮಾಡೋಕೂ ಅದೇ ಫೈಲ್ ಸಾಕು.

ಕರಾವಳಿಯವ
ಇ-ಬುಕ್ ಅಂದ ಕೂಡಲೇ ನೆನಪಾಯ್ತು, ನಂಗೆ ಈಗ ಕಾಗದದ ಪುಸ್ತಕ ಹಿಡಿದರೆ ನಿದ್ದೆ ಬರ್ತದೆ, ಮೊಬೈಲಿನಲ್ಲಿ ಬರಲ್ಲ. ಇದಕ್ಕೆ ಔಷಧಿ ಇದ್ಯಾ?

ಡಿಟಿಪಿ ಅಣ್ಣ
ಮೊಬೈಲ್ ಬಿಡಿ, ನಿದ್ದೆ ಮಾಡಿ.

ಅಂಗಡಿ ಕಟ್ಟೆ
ನಾನು ಹನ್ನೆರಡು ವರ್ಷ ಪುಸ್ತಕದ ಅಂಗಡಿಯಲ್ಲಿ ಕೂತವನು. 40% ಕಮಿಷನ್ ಅಂದ ಕೂಡಲೇ ಎಲ್ಲರೂ ಅಂಗಡಿಯವನನ್ನು ಬೈತಾರೆ. ಆ 40ರಲ್ಲೇ ನಮ್ಮ ಬಾಡಿಗೆ, ಹುಡುಗರ ಸಂಬಳ, ಗಿರಾಕಿಗೆ ಕೊಡುವ ರಿಯಾಯಿತಿ ಎಲ್ಲ ಬರಬೇಕು. ನಡುವೆ ವಿತರಕರು ಬಂದರೆ ಅದು 45, 50ಕ್ಕೂ ಹೋಗುತ್ತೆ.

ಆದರೆ ನಿಮ್ಮ ಲೆಕ್ಕದಲ್ಲಿ ಯಾರೂ ಹೇಳದ ವಿಷಯ ಒಂದಿದೆ. ದುಡ್ಡು ಯಾವಾಗ ಬರುತ್ತೆ? ಹೊಸ ಪ್ರಕಾಶಕರ ಪುಸ್ತಕವನ್ನು ನಾವು ದುಡ್ಡು ಕೊಟ್ಟು ಕೊಳ್ಳಲ್ಲ, ಮಾರಾಟದ ಮೇಲೆ ಲೆಕ್ಕ ಅಂತ ಇಟ್ಟುಕೊಳ್ತೀವಿ. ಮೂವತ್ತು ಅಂಗಡಿಗೆ ಐದೈದು ಕೊಟ್ಟರೆ 150 ಪ್ರತಿ ಹೊರಗೆ ಹೋದವು. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅವು "ಹೋದವು" ಅಂತ ಕಾಣುತ್ತವೆ, ಆದರೆ ಮಾರಾಟ ಆಗಿಲ್ಲ. ಮೂರು ತಿಂಗಳಿಗೊಮ್ಮೆ ನೀವೇ ಫೋನ್ ಮಾಡಿ ಲೆಕ್ಕ ಕೇಳಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡಲ್ಲ, ಇದನ್ನು ನಾನೇ ಹೇಳ್ತಿದ್ದೀನಿ. ವಾಪಸ್ ಬರುವ ಪ್ರತಿಗಳ ಮೂಲೆ ಮಡಚಿರುತ್ತೆ, ಬೆನ್ನಿನ ಮೇಲೆ ಬಿಸಿಲಿನ ಬಣ್ಣ. ಅವನ್ನು ಹೊಸದು ಅಂತ ಮಾರೋಕಾಗಲ್ಲ.

ಹಾಗಾಗಿ ಹೊಸಬರು ಮೂವತ್ತು ಅಂಗಡಿಗೆ ಹಂಚಬೇಡಿ. ನೀವೇ ಹೋಗಿ ಮುಖ ನೋಡಿ ಮಾತಾಡಬಹುದಾದ ಆರೇಳು ಅಂಗಡಿ ಸಾಕು.

ಅಚ್ಚಿನ ಮನೆ
ಈ ಮಾತಿಗೆ ನೂರು ಅಂಕ. 248 ಪ್ರತಿ ಅಂಗಡಿಯಲ್ಲಿ ಮಾರಬೇಕು ಅಂದರೆ ಅಂಗಡಿಗಳಿಗೆ 248 ಕೊಟ್ಟರೆ ಸಾಲದು ಅನ್ನೋದು ಇಲ್ಲೇ ಬರೋದು.

ಬಾಗಲಕೋಟಿ ಮಂದಿ
ಗ್ರಂಥಾಲಯ ಖರೀದಿ ಯಾಕ ಬಿಟ್ರಿ? ಸರ್ಕಾರದವರು ಆಯ್ಕಿ ಮಾಡಿದ್ರ 300 ಪ್ರತಿ ಒಂದ ಸಲಕ್ಕ ಹೋಗ್ತಾವ. ಮುಗೀತು ಕತಿ.

ಅಂಗಡಿ ಕಟ್ಟೆ
ಆಯ್ಕೆ ಆದರೆ. ಅದಕ್ಕೆ ಅರ್ಜಿ, ಸಮಿತಿ, ಪಟ್ಟಿ ಅಂತ ಇದೆ. ಬೆಲೆಯೂ ನೀವು ಮುದ್ರಿಸಿದ್ದಲ್ಲ, ಪುಟದ ಲೆಕ್ಕದಲ್ಲಿ ಅವರು ನಿಗದಿ ಮಾಡಿದ್ದು. ಪುಸ್ತಕ ಅಚ್ಚಾದ ವರ್ಷವೇ ದುಡ್ಡು ಬರುತ್ತೆ ಅಂತ ಪ್ರೆಸ್ಸಿನವರಿಗೆ ಮಾತು ಕೊಟ್ಟರೆ ಮುಖ ತಪ್ಪಿಸಿಕೊಂಡು ಓಡಾಡಬೇಕಾಗುತ್ತೆ. ಬಂದರೆ ಎರಡನೇ ಪುಸ್ತಕಕ್ಕೆ ಬಂಡವಾಳ ಅಂದುಕೊಳ್ಳಿ, ಮೊದಲನೆಯದರ ಲೆಕ್ಕಕ್ಕೆ ಹಿಡಿಯಬೇಡಿ.

ಬಾಗಲಕೋಟಿ ಮಂದಿ
ನಮ್ಮ ಮಾವಾರ ಪುಸ್ತಕ ಹೋಗಿತ್ತು. ಚಲೋ ರೊಕ್ಕ ಬಂದಿತ್ತು. ನೀವು ಸುಮ್ನ ಹೆದರಸ್ತೀರಿ.

ಶಿರಸಿ ಹುಡುಗಿ
ಅದು ಯಾವ ವರ್ಷ?

ಬಾಗಲಕೋಟಿ ಮಂದಿ
ಅವಾಗ ನಾ ಸಾಲಿಗಿ ಹೋಗ್ತಿದ್ದೆ.

ಹೊಸ ಪ್ರಕಾಶಕ
😀 ರಾಯಲ್ಟಿ ಬಗ್ಗೆ ಒಂದು ಪ್ರಶ್ನೆ. ದುಡ್ಡಿನ ಬದಲು ಲೇಖಕಿಗೆ 50 ಪ್ರತಿ ಕೊಟ್ಟುಬಿಡೋಣ ಅಂತ ಒಬ್ಬ ಗೆಳೆಯ. ನಮಗೆ 50 ಪ್ರತಿಗೆ ಅಚ್ಚಿನ ಖರ್ಚು 3,200 ಅಷ್ಟೇ, ಆದರೆ 448 ಪ್ರತಿಗೆ 22ರಂತೆ ರಾಯಲ್ಟಿ ಕೊಟ್ಟರೆ ಹತ್ತು ಸಾವಿರದ ಹತ್ತಿರ.

ಅಚ್ಚಿನ ಮನೆ
ಇದು ಬಹಳ ಜನ ಮಾಡ್ತಾರೆ, ತಪ್ಪು ಅಂತಲೂ ಹೇಳಲ್ಲ, ಲೇಖಕರು ಒಪ್ಪಿದರೆ. ಆದರೆ ಆ 50 ಪ್ರತಿ ಯಾರಿಗೆ ಹೋಗುತ್ತೆ ಯೋಚಿಸಿ. ಅಕ್ಕ, ಭಾವ, ಸಹೋದ್ಯೋಗಿ, ಕಾಲೇಜು ಗೆಳತಿ. ನಿಮ್ಮಿಂದ ನೇರವಾಗಿ 198 ಕೊಟ್ಟು ಕೊಳ್ಳುತ್ತಿದ್ದವರು ಇವರೇ! ಹೊಸ ಲೇಖಕಿಯ ನೇರ ಮಾರಾಟದ 200 ಅಂದರೆ ಮುಕ್ಕಾಲು ಪಾಲು ಅವರ ಬಳಗ. ಅವರಿಗೆ ಪುಕ್ಕಟೆ ಕೊಟ್ಟರೆ ಪ್ರತಿಯೊಂದಕ್ಕೂ ನೂರೆಪ್ಪತ್ತು ಚಿಲ್ಲರೆ ಕಳೆದುಕೊಂಡ ಹಾಗೆ. ಹತ್ತು ಪ್ರತಿ ಪುಕ್ಕಟೆ ಕೊಡಿ, ಹೆಚ್ಚಿಗೆ ಬೇಕಾದರೆ 40% ರಿಯಾಯಿತಿಯಲ್ಲಿ ಕೊಡಿ, ರಾಯಲ್ಟಿ ಮಾರಾಟವಾದ ಪ್ರತಿಗಳ ಮೇಲೆ ವರ್ಷಕ್ಕೊಮ್ಮೆ ಲೆಕ್ಕದ ಚೀಟಿ ಸಮೇತ ಕೊಡಿ.

ಕರಡು ತಿದ್ದುವಾಕೆ
ಮಾರಾಟವಾದ ಪ್ರತಿ ಅಂದರೆ ಲೇಖಕರು ನಿಮ್ಮ ಮಾತನ್ನೇ ನಂಬಬೇಕು. ಅಚ್ಚಾದ ಪ್ರತಿಗಳ ಮೇಲೆ ಕೊಡುವ ಪ್ರಕಾಶಕರೂ ಇದ್ದಾರಲ್ಲ ಸರ್, ಬಿಡುಗಡೆ ದಿನವೇ ಚೆಕ್.

ಅಚ್ಚಿನ ಮನೆ
ಇದ್ದಾರೆ, ಹೆಸರಾದ ಲೇಖಕರಿಗೆ. ಇವರ ಲೆಕ್ಕಕ್ಕೆ ಹಾಗೆ ಮಾಡಿದರೆ 500 ಪ್ರತಿಗೆ 11,000 ಮೊದಲೇ ಹೊರಗೆ ಹೋಗುತ್ತೆ. ಅಂದರೆ ಮಾರದ ಪ್ರತಿಗೂ ರಾಯಲ್ಟಿ. ಲೇಖಕರ ಕಡೆಯಿಂದ ನೋಡಿದರೆ ಅದೇ ನ್ಯಾಯ, ಗೊತ್ತು ನನಗೆ.

ಕರಡು ತಿದ್ದುವಾಕೆ
ಅದೇ ನ್ಯಾಯ ಅಂತ ಗೊತ್ತಿದ್ದೂ ಬೇರೆ ಹೇಳ್ತಿದ್ದೀರಿ. ಇರಲಿ.

ಕರಾವಳಿಯವ
ಬಿಡುಗಡೆ ಸಮಾರಂಭದ ಖರ್ಚು ಯಾರೂ ಹೇಳಲೇ ಇಲ್ಲವಲ್ಲ? ಸಭಾಂಗಣ, ಶಾಲು, ಹಾರ, ಹಣ್ಣಿನ ಬುಟ್ಟಿ, ಬಂದವರಿಗೆ ಉಪ್ಪಿಟ್ಟು ಕೇಸರಿಬಾತು ಕಾಫಿ. ನಮ್ಮ ಕಡೆ ಇಷ್ಟಿಲ್ಲದೆ ಪುಸ್ತಕ ಬಿಡುಗಡೆ ಆಗೋದೇ ಇಲ್ಲ.

ಅಂಗಡಿ ಕಟ್ಟೆ
ಅದನ್ನು ಖರ್ಚು ಅಂತ ನೋಡಬೇಡಿ, ಮಾರಾಟದ ಜಾಗ ಅಂತ ನೋಡಿ. ಬಾಗಿಲಲ್ಲಿ ಮೇಜು ಹಾಕಿ ಒಬ್ಬರು ಕೂರಲಿ, ಕ್ಯೂಆರ್ ಕೋಡ್ ಇರಲಿ, ಚಿಲ್ಲರೆ ಇರಲಿ. ವೇದಿಕೆ ಮೇಲೆ ಇರುವವರಿಗೆ ಬಿಟ್ಟು ಉಳಿದ ಯಾರಿಗೂ ಪುಕ್ಕಟೆ ಇಲ್ಲ. ಭಾಷಣ ಮುಗಿದ ಮೇಲೆ ಜನ ಕಾಫಿ ಕಡೆಗೆ ಹೋಗ್ತಾರೆ, ಹಾಗಾಗಿ ಮೇಜು ಕಾಫಿಯ ದಾರಿಯಲ್ಲೇ ಇರಬೇಕು. ಖರ್ಚು ಹತ್ತು ಸಾವಿರ ಆದರೆ ನೇರ ಬೆಲೆಯಲ್ಲಿ 59 ಪ್ರತಿ ಹೆಚ್ಚಿಗೆ ಮಾರಬೇಕು. ಅಷ್ಟು ಜನ ಬರ್ತಾರಾ ನೋಡಿಕೊಂಡು ಸಭಾಂಗಣ ಹಿಡಿಯಿರಿ.

ಶಿರಸಿ ಹುಡುಗಿ
ಅಂಚೆ ಬಗ್ಗೆ ನನಗೆ ಗೊತ್ತಿದ್ದು ಹೇಳ್ತೀನಿ. 2025ರ ಮೇ 1ರಿಂದ ಪುಸ್ತಕಗಳಿಗೆ ಜ್ಞಾನ ಪೋಸ್ಟ್ ಅಂತ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. 160 ಪುಟದ ಪುಸ್ತಕ ಕವರ್ ಸಮೇತ ಅದರೊಳಗೇ ಬರಬೇಕು. ಪುಸ್ತಕದಲ್ಲಿ ಜಾಹೀರಾತು ಇರಬಾರದು, ಪ್ರಕಾಶಕರ ಇಲ್ಲವೇ ಮುದ್ರಕರ ಹೆಸರು ಅಚ್ಚಾಗಿರಬೇಕು. ಕೊನೇ ಪುಟದಲ್ಲಿ ಊರಿನ ಜವಳಿ ಅಂಗಡಿ ಜಾಹೀರಾತು ಹಾಕಿ ಖರ್ಚು ಹೊಂದಿಸೋಣ ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಡಿ.

ಅಚ್ಚಿನ ಮನೆ
ಒಳ್ಳೆ ಮಾಹಿತಿ ಮೇಡಂ. ಐಎಸ್‌ಬಿಎನ್‌ಗೂ ದುಡ್ಡು ಬೇಡ, ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿದರೆ ಉಚಿತ. ಕೊಡಿಸ್ತೀನಿ ಅಂತ ದುಡ್ಡು ಕೇಳುವವರಿಂದ ದೂರ ಇರಿ. ಮೊದಲ ಸಲ ತಡ ಆಗಬಹುದು, ಮುಖಪುಟ ಅಂತಿಮ ಮಾಡೋ ಮುಂಚೆಯೇ ಹಾಕಿ.

ಹೊಸ ಪ್ರಕಾಶಕ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮೂವರೂ ಕೂತು ಮಾತಾಡಿದೆವು. ಒಂದು ಕಥೆ ಬಿಟ್ಟು 160ಕ್ಕೆ ತರೋದು ಅಂತ ಆಯ್ತು, ಲೇಖಕಿಯೇ ಒಪ್ಪಿದರು. ಸಂಪಾದಕರು ಇರ್ತಾರೆ. ಅಚ್ಚಿಗೆ ಕೊಡೋ ಮುಂಚೆ ಒಂದು ತಿಂಗಳು ಮುಂಗಡ ಬುಕಿಂಗ್ ತಗೊಳ್ತೀವಿ. 150 ದಾಟಿದರೆ ಆಫ್‌ಸೆಟ್‌ನಲ್ಲಿ 500. ದಾಟದಿದ್ದರೆ ಬಂದಷ್ಟಕ್ಕೆ ಡಿಜಿಟಲ್‌ನಲ್ಲಿ ಹಾಕಿಸೋದು, ಪ್ರತಿಗೆ 95 ಬೀಳುತ್ತೆ ಅಂದಿದ್ದಾರೆ, ಅಸಲು ಹುಟ್ಟಲ್ಲ, ಆದರೆ ಮನೆಯಲ್ಲಿ ಬಂಡಲ್ ಬೀಳಲ್ಲ. ಬೆಲೆ ಮಾತ್ರ ಒಮ್ಮತ ಆಗಿಲ್ಲ. ನಾನು 220, ಇನ್ನೊಬ್ಬ 250.

ಅಚ್ಚಿನ ಮನೆ
ಮುಂಗಡ ಬುಕಿಂಗ್ ಒಳ್ಳೆ ದಾರಿ. "ತಗೊಳ್ತೀನಿ ಕಣೋ" ಅಂದವರನ್ನು ಎಣಿಸಬೇಡಿ, ದುಡ್ಡು ಹಾಕಿದವರನ್ನು ಮಾತ್ರ ಎಣಿಸಿ. ಮತ್ತೆ ಅಚ್ಚಿನ ಪಿಡಿಎಫ್ ಮತ್ತು ಮೂಲ ಫೈಲ್ ಎರಡನ್ನೂ ಡಿಟಿಪಿಯವರಿಂದ ಇಸಕೊಂಡು ಇಟ್ಟುಕೊಳ್ಳಿ. ಮರುಮುದ್ರಣಕ್ಕೆ ಆ 28,200 ಮತ್ತೆ ಬರಲ್ಲ. 220 ಬೆಲೆಗೆ ಎರಡನೇ 500ಕ್ಕೆ ಅಂಗಡಿಯಲ್ಲೇ 305 ಪ್ರತಿ ಹೋದರೆ ಸಾಕು.

ಬಾಗಲಕೋಟಿ ಮಂದಿ
ನಾ ಈಗೂ 1000 ಅಂತೀನಿ.

ಓದುಗ ಮಹಾಶಯ
220 ಆದರೆ ನನ್ನದೊಂದು ಪ್ರತಿ ಬರೆದುಕೊಳ್ಳಿ. ಬಿಟ್ಟ ಕಥೆ ಯಾವುದು?